ವಾರ್ಡ್ ಬ್ಲಾಕ್‌ನ ಆಮ್ಲಜನಕ ಮತ್ತು ಸಕ್ಷನ್ ಪೈಪುಗಳ ಅಳತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದ ಉತ್ತರಗಳೆಲ್ಲ ಒಂದೇ ಉದಾಹರಣೆಯನ್ನು ಹಿಡಿದು ಸಾಗುತ್ತವೆ. ಮಡಿಕೇರಿಯ ಎತ್ತರದಲ್ಲಿ ಮೂರು ಅಂತಸ್ತಿನ ವಾರ್ಡ್ ಬ್ಲಾಕ್ ಒಂದನ್ನು ಕಟ್ಟುತ್ತಿದ್ದಾರೆ ಎಂದು ಇಟ್ಟುಕೊಳ್ಳೋಣ. ಪ್ರತಿ ಅಂತಸ್ತಿನಲ್ಲಿ 24 ಹಾಸಿಗೆಗಳ ಒಂದು ಸಾಮಾನ್ಯ ವಾರ್ಡ್ ಇದೆ. ಒಟ್ಟು 72 ಹಾಸಿಗೆಗಳು. ಜಾಗ ಇಳಿಜಾರಾದ ಕಾರಣ ಆಮ್ಲಜನಕದ ಸಿಲಿಂಡರ್‌ಗಳನ್ನು ಪೈಪಿಗೆ ಜೋಡಿಸಿಡುವ ಮ್ಯಾನಿಫೋಲ್ಡ್ ಕೋಣೆ ಮತ್ತು ರೋಗಿಗಳ ಕಫ ಮುಂತಾದವನ್ನು ಹೀರಲು ನಿರ್ವಾತ ಕೊಡುವ ಸಕ್ಷನ್ ಪಂಪುಗಳು ಕೆಳಗಿನ ಮಟ್ಟದಲ್ಲಿವೆ. ಅಲ್ಲಿಂದ ಬ್ಲಾಕ್‌ಗೆ ಬರುವ ಮುಖ್ಯ ಪೈಪಿನ ಉದ್ದವನ್ನು, ಬೆಂಡ್, ಟೀ ಮತ್ತು ವಾಲ್ವ್‌ಗಳ ಪ್ರತಿರೋಧವನ್ನೂ ಉದ್ದವಾಗಿ ಪರಿವರ್ತಿಸಿ ಸೇರಿಸಿಕೊಂಡು, 150 ಮೀಟರ್ ಎಂದು ಹಿಡಿದಿದ್ದೇನೆ. ತೀವ್ರ ನಿಗಾ ಘಟಕ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಗಳ ಲೆಕ್ಕದ ರೀತಿಯೇ ಬೇರೆಯಾದ್ದರಿಂದ ಅವು ಇಲ್ಲಿ ಬರುವುದಿಲ್ಲ.

ಪ್ರತಿ ಹಾಸಿಗೆಗೂ ಔಟ್‌ಲೆಟ್ ಇರುವಾಗ ಎಲ್ಲ ಹಾಸಿಗೆಗಳ ಹರಿವನ್ನೂ ಕೂಡಿಸಿ ಪೈಪಿನ ಅಳತೆ ನಿರ್ಧರಿಸಬೇಕಲ್ಲವೆ?

ಸಾಮಾನ್ಯ ವಾರ್ಡಿನಲ್ಲಿ ಹಾಗೆ ಮಾಡುವುದಿಲ್ಲ. ಒಂದು ಆಮ್ಲಜನಕ ಔಟ್‌ಲೆಟ್ ನಿಮಿಷಕ್ಕೆ 10 ಲೀಟರ್ ಕೊಡುವಂತಿರಬೇಕು ಎಂಬ ನಿಯಮವನ್ನು 72 ಹಾಸಿಗೆಗಳಿಗೂ ಏಕಕಾಲಕ್ಕೆ ಅನ್ವಯಿಸಿದರೆ ನಿಮಿಷಕ್ಕೆ 720 ಲೀಟರ್ ಆಗುತ್ತದೆ. ಸಕ್ಷನ್ ಔಟ್‌ಲೆಟ್‌ಗೆ ನಿಮಿಷಕ್ಕೆ 40 ಲೀಟರ್‌ನಂತೆ ಹಿಡಿದರೆ 2880 ಲೀಟರ್. ವಾರ್ಡಿನಲ್ಲಿ ಮಲಗಿರುವವರಲ್ಲಿ ಹೆಚ್ಚಿನವರಿಗೆ ಆಮ್ಲಜನಕ ಬೇಕಿರುವುದಿಲ್ಲ, ಬೇಕಿರುವವರಲ್ಲೂ ಅನೇಕರಿಗೆ ಕಡಿಮೆ ಹರಿವು ಸಾಕು, ಸಕ್ಷನ್ ಅಂತೂ ಒಬ್ಬ ರೋಗಿಗೆ ಕೆಲವೇ ನಿಮಿಷಗಳ ಕೆಲಸ. ಒಂದೇ ಹೊತ್ತಿನಲ್ಲಿ ಎಷ್ಟು ಹಾಸಿಗೆಗಳಿಂದ ಎಷ್ಟು ಬೇಡಿಕೆ ಬರಬಹುದು ಎಂಬ ಈ ಅಂದಾಜಿಗೆ ಕ್ಷೇತ್ರದಲ್ಲಿ ಡೈವರ್ಸಿಟಿ ಎನ್ನುತ್ತಾರೆ, ಮತ್ತು ಪೈಪಿನ ಅಳತೆ ಅದರಿಂದ ಸಿಗುವ ಹರಿವಿನ ಮೇಲೆ ನಿಲ್ಲುತ್ತದೆ.

ಇಲ್ಲಿ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಡೈವರ್ಸಿಟಿ ಲೋಹದ ಗುಣವೂ ಅಲ್ಲ, ಅನಿಲದ ಗುಣವೂ ಅಲ್ಲ. ಅದು ರೋಗಿಗಳು ಒಬ್ಬರಿಂದೊಬ್ಬರು ಸ್ವತಂತ್ರವಾಗಿ ಕಾಯಿಲೆ ಬೀಳುತ್ತಾರೆ ಎಂಬ ನಂಬಿಕೆ. ಆ ನಂಬಿಕೆ ಸುಳ್ಳಾಗುವ ದಿನ ಸೂತ್ರ ಕೊಟ್ಟ ಸಂಖ್ಯೆಯೂ ಸುಳ್ಳಾಗುತ್ತದೆ.

ಯಾವ ಸೂತ್ರವನ್ನು ಬಳಸುತ್ತಾರೆ? ನಮ್ಮ ಉದಾಹರಣೆಗೆ ಅದು ಏನು ಕೊಡುತ್ತದೆ?

ನಮ್ಮಲ್ಲಿನ ವಿನ್ಯಾಸಕಾರರು ಹೆಚ್ಚಾಗಿ ಅನುಸರಿಸುವುದು ಬ್ರಿಟನ್ನಿನ ಆರೋಗ್ಯ ಇಲಾಖೆಯ ಎಚ್‌ಟಿಎಂ 02-01 ಕೈಪಿಡಿಯ ಸೂತ್ರಗಳನ್ನು. ಸಾಮಾನ್ಯ ವಾರ್ಡಿಗೆ ಅವು ಹೀಗಿವೆ; ಮೊದಲ ಸಾಲು ಆಮ್ಲಜನಕಕ್ಕೆ, ಎರಡನೆಯದು ಸಕ್ಷನ್‌ಗೆ, ಮೂರನೆಯದು ಹಲವು ವಾರ್ಡುಗಳು ಸೇರಿದ ಬ್ಲಾಕ್‌ಗೆ.

```
Qw = 10 + (n - 1) × 6/4
Qw = 40 + (n - 1) × 40/4
Qd = Qw × [1 + (nW - 1)/2]
```

ಇಲ್ಲಿ Qw ಎಂದರೆ ಒಂದು ವಾರ್ಡಿನ ಹರಿವು, Qd ಎಂದರೆ ಇಡೀ ಬ್ಲಾಕ್‌ನ ಹರಿವು, n ಎಂದರೆ ವಾರ್ಡಿನ ಹಾಸಿಗೆಗಳ ಸಂಖ್ಯೆ, nW ಎಂದರೆ ವಾರ್ಡುಗಳ ಸಂಖ್ಯೆ. ಉತ್ತರ ನಿಮಿಷಕ್ಕೆ ಇಷ್ಟು ಲೀಟರ್ ಎಂದು ಬರುತ್ತದೆ. ಮೊದಲ ಸಾಲಿನ ಅರ್ಥ ಸರಳವಾಗಿದೆ: ಒಬ್ಬ ರೋಗಿಗೆ ಪೂರ್ತಿ 10 ಲೀಟರ್ ಹೋಗುತ್ತಿದೆ, ಉಳಿದವರಲ್ಲಿ ನಾಲ್ವರಿಗೊಬ್ಬರು 6 ಲೀಟರ್‌ನಲ್ಲಿ ಇದ್ದಾರೆ. ಸಕ್ಷನ್‌ನಲ್ಲೂ ಒಬ್ಬರಿಗೆ ಪೂರ್ತಿ, ಉಳಿದವರಲ್ಲಿ ಕಾಲು ಭಾಗಕ್ಕೆ ಪೂರ್ತಿ. ಬ್ಲಾಕ್‌ನ ಮಟ್ಟದಲ್ಲಿ ಒಂದು ವಾರ್ಡ್ ತನ್ನ ಗರಿಷ್ಠದಲ್ಲಿದ್ದರೆ ಉಳಿದವು ತಮ್ಮ ಗರಿಷ್ಠದ ಅರ್ಧದಲ್ಲಿವೆ ಎಂದು ಹಿಡಿಯಲಾಗುತ್ತದೆ.

ನಮ್ಮ 24 ಹಾಸಿಗೆಗಳ ವಾರ್ಡಿಗೆ ಆಮ್ಲಜನಕದ ಹರಿವು 10 + 23 × 1.5, ಅಂದರೆ 44.5 ಲೀಟರ್. ಮೂರು ವಾರ್ಡುಗಳಿಗೆ ಅದರ ಎರಡು ಪಟ್ಟು, 89 ಲೀಟರ್. ಸಕ್ಷನ್‌ಗೆ ವಾರ್ಡೊಂದಕ್ಕೆ 40 + 23 × 10, ಅಂದರೆ 270 ಲೀಟರ್. ಬ್ಲಾಕ್‌ಗೆ 540 ಲೀಟರ್. ಕೂಡಿಸಿದ ಮೊತ್ತವಾದ 720 ಎಲ್ಲಿ, 89 ಎಲ್ಲಿ! ಈ ಎಂಟು ಪಟ್ಟು ಅಂತರವೇ ಮುಂದಿನ ಉತ್ತರಗಳ ತಿರುಳು.

ಒಂದು ಹಾಸಿಗೆಗೆ ಎರಡು ಆಮ್ಲಜನಕ ಔಟ್‌ಲೆಟ್ ಇಟ್ಟರೆ n ಎರಡರಷ್ಟಾಗುತ್ತದೆಯೆ?

ಆಗುವುದಿಲ್ಲ. ಎಣಿಸಬೇಕಾದದ್ದು ಹಾಸಿಗೆಗಳನ್ನು, ಗೋಡೆಯ ಮೇಲಿನ ತೂತುಗಳನ್ನಲ್ಲ. ಚಿಕಿತ್ಸಾ ಕೋಣೆಯಿದ್ದರೆ ಅದನ್ನೂ ಒಂದು ಹಾಸಿಗೆಯಂತೆ ಎಣಿಸಬೇಕು.

89 ಲೀಟರ್ ಹರಿವಿಗೆ ಆಮ್ಲಜನಕದ ಮುಖ್ಯ ಪೈಪು ಎಷ್ಟು ದಪ್ಪ ಇರಬೇಕು?

ಆಮ್ಲಜನಕ ಪೈಪಿನಲ್ಲಿ ಸುಮಾರು 400 ಕಿಲೋಪಾಸ್ಕಲ್ ಒತ್ತಡದಲ್ಲಿ ಹರಿಯುತ್ತದೆ. ಮೂಲದಿಂದ ಕೊನೆಯ ಔಟ್‌ಲೆಟ್‌ವರೆಗೆ ಪೈಪಿನಲ್ಲಿ ಆಗುವ ನಷ್ಟ ಅದರ ಶೇಕಡಾ 5ನ್ನು, ಅಂದರೆ 20 ಕಿಲೋಪಾಸ್ಕಲನ್ನು ಮೀರಬಾರದು. ಔಟ್‌ಲೆಟ್‌ನಲ್ಲಿ ಹರಿವಿರುವಾಗಲೂ 370 ಉಳಿಯಬೇಕು. ಒತ್ತಡ ಹೆಚ್ಚಿರುವುದರಿಂದ ಅನಿಲ ಕುಗ್ಗಿ ಹರಿಯುತ್ತದೆ, ಆದ್ದರಿಂದ ಪೈಪು ತೆಳ್ಳಗಿದ್ದರೂ ನಡೆಯುತ್ತದೆ. 150 ಮೀಟರ್ ಉದ್ದಕ್ಕೆ ಲೆಕ್ಕ ಹಾಕಿದರೆ 89 ಲೀಟರ್ ಹರಿವಿನಲ್ಲಿ 15 ಮಿಲಿಮೀಟರ್ ತಾಮ್ರದ ಪೈಪಿನಲ್ಲಿ ಸುಮಾರು 4 ಕಿಲೋಪಾಸ್ಕಲ್, 22 ಮಿಲಿಮೀಟರ್ ಪೈಪಿನಲ್ಲಿ 0.6 ಕಿಲೋಪಾಸ್ಕಲ್ ಮಾತ್ರ ನಷ್ಟವಾಗುತ್ತದೆ. ಕಾಗದದ ಮೇಲೆ 15 ಮಿಲಿಮೀಟರ್ ಪೈಪೂ ಉತ್ತೀರ್ಣ.

ಇಷ್ಟಕ್ಕೇ ನಿಲ್ಲಿಸಿದ ವಿನ್ಯಾಸಗಳು 2020 ಮತ್ತು 2021ರಲ್ಲಿ ದೇಶದ ಅನೇಕ ಕಡೆ ಸೋತವು. ಕೋವಿಡ್ ಕಾಲದಲ್ಲಿ ಒಂದೇ ಕಾಯಿಲೆಯ ರೋಗಿಗಳನ್ನು ಒಂದೇ ವಾರ್ಡಿನಲ್ಲಿ ಇಟ್ಟಾಗ ‘ನಾಲ್ವರಿಗೊಬ್ಬರು’ ಎಂಬ ಅಂದಾಜು ನಿಲ್ಲಲಿಲ್ಲ. ಕೊಡಗಿನಲ್ಲಿ ಕೋವಿಡ್ ಇಲ್ಲದ ವರ್ಷಗಳಲ್ಲೂ ಇದನ್ನು ಯೋಚಿಸಬೇಕು. ಕಕ್ಕಡ ತಿಂಗಳ ಮಳೆ ಹಿಡಿದು ಥಂಡಿ ಏರಿದಾಗ ದಮ್ಮು, ನ್ಯುಮೋನಿಯಾ ಇರುವವರು ಒಟ್ಟೊಟ್ಟಿಗೆ ದಾಖಲಾಗುತ್ತಾರೆ. ಆಗ ಹಾಸಿಗೆಗಳ ಬೇಡಿಕೆ ಒಂದಕ್ಕೊಂದು ಸಂಬಂಧವಿಲ್ಲದ್ದು ಎನ್ನಲು ಬರುವುದಿಲ್ಲ.

ಆದ್ದರಿಂದ ನಾನು ಎರಡನೆಯ ಲೆಕ್ಕವೊಂದನ್ನು ತಪ್ಪದೆ ಹಾಕುತ್ತೇನೆ: ಎಲ್ಲ 72 ಹಾಸಿಗೆಗಳೂ 10 ಲೀಟರ್‌ನಲ್ಲಿದ್ದರೆ ಏನಾಗುತ್ತದೆ? ಆ 720 ಲೀಟರ್‌ಗೆ 22 ಮಿಲಿಮೀಟರ್ ಪೈಪಿನಲ್ಲಿ ನಷ್ಟ ಸುಮಾರು 24 ಕಿಲೋಪಾಸ್ಕಲ್, ಅಂದರೆ ಮಿತಿಯಿಂದ ಸ್ವಲ್ಪ ಆಚೆ. 28 ಮಿಲಿಮೀಟರ್ ಪೈಪಿನಲ್ಲಿ 7 ಕಿಲೋಪಾಸ್ಕಲ್. 15 ಮಿಲಿಮೀಟರ್ ಪೈಪಿನಲ್ಲಿ ನಷ್ಟ 150 ಕಿಲೋಪಾಸ್ಕಲನ್ನೂ ದಾಟುವುದರಿಂದ ವ್ಯವಸ್ಥೆ ಕುಸಿದಂತೆಯೇ. ಡೈವರ್ಸಿಟಿ ಒಪ್ಪುವ ಪೈಪಿಗಿಂತ ಎರಡು ಹೆಜ್ಜೆ ದಪ್ಪದ ಪೈಪು, ಎಲ್ಲ ಹಾಸಿಗೆಗಳೂ ಒಮ್ಮೆಲೆ ಕೇಳಿದರೂ ತಡೆದುಕೊಳ್ಳುತ್ತದೆ. ಕಂದಕ, ಬೆಸುಗೆ, ಆಧಾರದ ಕ್ಲಾಂಪು, ಪರೀಕ್ಷೆ ಇವುಗಳ ಕೆಲಸ ಎರಡಕ್ಕೂ ಹೆಚ್ಚು ಕಡಿಮೆ ಒಂದೇ. ಹೆಚ್ಚುವ ಖರ್ಚು ಮುಖ್ಯವಾಗಿ ತಾಮ್ರದ್ದು. ಇಂಥ ಬ್ಲಾಕ್‌ಗೆ ಮುಖ್ಯ ಪೈಪು 28, ಪ್ರತಿ ವಾರ್ಡಿನ ಕವಲು 22 ಎಂಬುದು ನನ್ನ ಖಚಿತ ಅಭಿಪ್ರಾಯ. 40 ಮೀಟರ್‌ನ ಅಂಥ ಕವಲಿನಲ್ಲಿ 24 ಹಾಸಿಗೆಗಳೂ 10 ಲೀಟರ್ ಎಳೆದರೂ ನಷ್ಟ 1 ಕಿಲೋಪಾಸ್ಕಲ್‌ನ ಆಸುಪಾಸು.

ಪೈಪು ತಡೆದುಕೊಂಡ ಮಾತ್ರಕ್ಕೆ ಮೂಲವೂ ತಡೆದುಕೊಳ್ಳುತ್ತದೆ ಎಂದಲ್ಲ. ಮ್ಯಾನಿಫೋಲ್ಡಿನ ರೆಗ್ಯುಲೇಟರು 720 ಲೀಟರ್ ಹರಿಸಬಲ್ಲದೇ ಎಂದು ಅದರ ಹರಿವಿನ ಪಟ್ಟಿಯಲ್ಲಿ ಪ್ರತ್ಯೇಕವಾಗಿ ನೋಡಬೇಕು. ಆದರೆ ರೆಗ್ಯುಲೇಟರನ್ನು ಒಂದು ದಿನದಲ್ಲಿ ಬದಲಿಸಬಹುದು, ರೋಗಿಗಳಿರುವ ಕಟ್ಟಡದ ಗೋಡೆಯೊಳಗಿನ ಪೈಪನ್ನು ಬದಲಿಸಲಾಗದು.

ವಾರ್ಡಿನ ನಾಲ್ಕು ಹಾಸಿಗೆಗಳನ್ನು ಹೆಚ್ಚಿನ ನಿಗಾದ ಎಚ್‌ಡಿಯು ಮಾಡಿ, ಆಮ್ಲಜನಕವನ್ನು ಹೆಚ್ಚು ಹರಿವಿನಲ್ಲಿ ಕೊಡುವ ಹೈ ಫ್ಲೋ ಯಂತ್ರಗಳನ್ನು ಇಟ್ಟರೆ ಸೂತ್ರ ನಡೆಯುತ್ತದೆಯೆ?

ಆ ನಾಲ್ಕು ಹಾಸಿಗೆಗಳಿಗೆ ನಡೆಯುವುದಿಲ್ಲ. ಹೈ ಫ್ಲೋ ಯಂತ್ರವೊಂದು ನಿಮಿಷಕ್ಕೆ 60 ಲೀಟರ್‌ವರೆಗೆ ಎಳೆಯಬಲ್ಲದು ಮತ್ತು ಅದನ್ನು ದಿನವಿಡೀ ಎಳೆಯುತ್ತದೆ. ಅವುಗಳನ್ನು ಸೂತ್ರದಿಂದ ಹೊರಗಿಟ್ಟು ಪೂರ್ತಿ ಹರಿವನ್ನೇ ಕೂಡಿಸಬೇಕು. ನಾಲ್ಕು ಯಂತ್ರಗಳಿಗೆ 240 ಲೀಟರ್. ಬ್ಲಾಕ್‌ನ ಉಳಿದ ಬೇಡಿಕೆಯೊಂದಿಗೆ ಸುಮಾರು 330. ನಾಲ್ಕೇ ಹಾಸಿಗೆಗಳು ಉಳಿದೆಲ್ಲ ಹಾಸಿಗೆಗಳಿಗಿಂತ ಹೆಚ್ಚು ಬೇಡುತ್ತಿವೆ ಎಂಬುದನ್ನು ಗಮನಿಸಬೇಕು. ಈ ಹರಿವನ್ನು 22 ಮಿಲಿಮೀಟರ್ ಮುಖ್ಯ ಪೈಪು ಸುಮಾರು 6 ಕಿಲೋಪಾಸ್ಕಲ್ ನಷ್ಟದಲ್ಲಿ ಸಾಗಿಸುತ್ತದೆ. 15 ಮಿಲಿಮೀಟರ್ ಪೈಪು 40ರ ಹತ್ತಿರ ಕಳೆದುಕೊಂಡು ಮಿತಿಯನ್ನು ದಾಟುತ್ತದೆ. ಆಸ್ಪತ್ರೆಗಳಲ್ಲಿ ಇಂಥ ಬದಲಾವಣೆಯನ್ನು ಯಾರೂ ಪೈಪಿನ ಎಂಜಿನಿಯರನ್ನು ಕೇಳಿ ಮಾಡುವುದಿಲ್ಲ, ಯಂತ್ರ ಬಂದ ದಿನ ಪ್ಲಗ್ ಚುಚ್ಚಲಾಗುತ್ತದೆ. ಮುಂಚೆಯೇ ದಪ್ಪ ಪೈಪು ಹಾಕುವುದಕ್ಕೆ ಇದು ಇನ್ನೊಂದು ಕಾರಣ.

ಸಕ್ಷನ್‌ಗೂ ಆಮ್ಲಜನಕದಷ್ಟೇ ದಪ್ಪದ ಪೈಪು ಹಾಕಿದರೆ ಆಗದೆ?

ಖಂಡಿತ ಆಗದು, ಮತ್ತು ಹಳೆಯ ಕಟ್ಟಡಗಳಲ್ಲಿ ಕಾಣುವ ಸಾಮಾನ್ಯ ದೋಷ ಇದೇ. ಆಮ್ಲಜನಕ ಪೈಪಿನಲ್ಲಿ ಕುಗ್ಗಿರುತ್ತದೆ, ಸಕ್ಷನ್ ಪೈಪಿನಲ್ಲಿ ಗಾಳಿ ಹಿಗ್ಗಿರುತ್ತದೆ. ಔಟ್‌ಲೆಟ್‌ನಲ್ಲಿ ಒಳಹೊಕ್ಕ ಒಂದು ಲೀಟರ್ ಗಾಳಿ ಪಂಪಿನ ಹತ್ತಿರ ಮೂರು ಲೀಟರ್‌ನಷ್ಟು ಜಾಗ ಕೇಳುತ್ತದೆ. ಅದರ ಮೇಲೆ ನಷ್ಟಕ್ಕೆ ಇರುವ ಅವಕಾಶವೂ ಕಡಿಮೆ: ಪಂಪಿನಲ್ಲಿ 60 ಕಿಲೋಪಾಸ್ಕಲ್, ಅಂದರೆ 450 ಮಿಲಿಮೀಟರ್ ಪಾದರಸದ ನಿರ್ವಾತ ಇದ್ದರೆ, 40 ಲೀಟರ್ ಹರಿವಿನಲ್ಲಿರುವ ಕೊನೆಯ ಔಟ್‌ಲೆಟ್‌ನಲ್ಲಿ 40 ಕಿಲೋಪಾಸ್ಕಲ್, ಅಂದರೆ 300 ಮಿಲಿಮೀಟರ್ ಉಳಿಯಬೇಕು. ನಡುವಿನ 20 ಕಿಲೋಪಾಸ್ಕಲ್‌ನಲ್ಲಿ ಔಟ್‌ಲೆಟ್ ತಾನೇ ಒಂದು ಪಾಲನ್ನು ತಿನ್ನುತ್ತದೆ.

ನಮ್ಮ 540 ಲೀಟರ್‌ಗೆ 28 ಮಿಲಿಮೀಟರ್ ಪೈಪು ಲೆಕ್ಕಕ್ಕೇ ಸಿಗುವುದಿಲ್ಲ. ಅದರ ಪ್ರತಿರೋಧ ಪಂಪು ಕೊಡುವ ನಿರ್ವಾತದ ಬಹುಪಾಲನ್ನು ದಾರಿಯಲ್ಲೇ ಮುಗಿಸುತ್ತದೆ. 35ರಲ್ಲಿ ಮುಖ್ಯ ಪೈಪಿನ ನಷ್ಟವೇ 21 ಕಿಲೋಪಾಸ್ಕಲ್. 42ರಲ್ಲಿ ಸುಮಾರು 8, 54ರಲ್ಲಿ 2.4. ವಾರ್ಡಿನ ಕವಲಿಗೆ 270 ಲೀಟರ್‌ನಲ್ಲಿ 35 ಮಿಲಿಮೀಟರ್ ಪೈಪು 40 ಮೀಟರ್ ಉದ್ದಕ್ಕೆ 1.7 ಕಿಲೋಪಾಸ್ಕಲ್ ಕಳೆಯುತ್ತದೆ. ಔಟ್‌ಲೆಟ್‌ಗೆ ಇಳಿಯುವ ಕೊನೆಯ ಕೆಲವು ಮೀಟರ್ 15 ಮಿಲಿಮೀಟರ್ ಆದರೆ ಅಲ್ಲಿನದು 0.4.

42 ಮಿಲಿಮೀಟರ್ ಪೈಪೇ ಉತ್ತೀರ್ಣವಾಗಿರುವಾಗ 54 ಏಕೆ?

ಸಕ್ಷನ್‌ನಲ್ಲಿ ಡೈವರ್ಸಿಟಿಯನ್ನು ಮುರಿಯುವುದು ಕಾಯಿಲೆಯಲ್ಲ, ಮುಚ್ಚದೆ ಬಿಟ್ಟ ನಾಬು. ಒಬ್ಬ ರೋಗಿಯ ಕಫ ತೆಗೆದ ಮೇಲೆ ಸಿಸ್ಟರ್‌ಗೆ ಮುಂದಿನ ಹಾಸಿಗೆಯಿಂದ ಕರೆ ಬರುತ್ತದೆ, ಯೂನಿಟ್ ತೆರೆದೇ ಉಳಿಯುತ್ತದೆ. ಕ್ಯಾತೀಟರ್ ಗಾಳಿಯಲ್ಲಿ ತೂಗುತ್ತಿದ್ದರೆ ಆ ಔಟ್‌ಲೆಟ್ ಗಂಟೆಗಟ್ಟಲೆ ಪೂರ್ತಿ ಹರಿವನ್ನು ಎಳೆಯುತ್ತಿರುತ್ತದೆ. ಕಾಲು ಭಾಗ ಎಂಬ ಅಂದಾಜು ಕೆಲವು ನಿಮಿಷಗಳ ಬಳಕೆಗೆ ಹೊಂದಿಕೊಂಡದ್ದು, ಇದಕ್ಕಲ್ಲ.

ಹರಿವು ಅಂದಾಜಿಗಿಂತ ಅರ್ಧದಷ್ಟು ಹೆಚ್ಚಿ 810 ಲೀಟರ್ ಆಯಿತು ಎನ್ನೋಣ. ನಷ್ಟ ಹರಿವಿನ ಜೊತೆಗೆ ಸರಿಸಮವಾಗಿ ಏರುವುದಿಲ್ಲ, ಒಂದೂವರೆ ಪಟ್ಟು ಹರಿವಿಗೆ ಎರಡು ಪಟ್ಟಾಗುತ್ತದೆ. 42 ಮಿಲಿಮೀಟರ್ ಪೈಪಿನಲ್ಲಿ 17, ಕವಲಿನಲ್ಲಿ 3.4, ಕೊನೆಯ ತುಂಡಿನಲ್ಲಿ 0.4, ಪಂಪಿನ 60ರಲ್ಲಿ ಉಳಿಯುವುದು 39. ಮೇಲಿನ ಅಂತಸ್ತಿನ ಕೊನೆಯ ಹಾಸಿಗೆಯಲ್ಲಿ ಬಾಟಲಿಯೊಳಗೆ ಗುಳ್ಳೆ ಏಳುತ್ತಿದ್ದರೂ ಗಟ್ಟಿ ಕಫ ಮೇಲೆ ಬರುವುದಿಲ್ಲ. 54 ಹಾಕಿದ್ದರೆ ಒಟ್ಟು ನಷ್ಟ 9 ಕಿಲೋಪಾಸ್ಕಲ್‌ನ ಒಳಗೇ ನಿಲ್ಲುತ್ತಿತ್ತು.

ಮಡಿಕೇರಿಯ ಎತ್ತರದಿಂದ ಲೆಕ್ಕದಲ್ಲಿ ಏನು ಬದಲಾಗುತ್ತದೆ?

ಆಮ್ಲಜನಕದ ಪೈಪಿಗೆ ಗಣನೀಯವಾದದ್ದೇನೂ ಬದಲಾಗುವುದಿಲ್ಲ. ಸಕ್ಷನ್ ಪಂಪಿಗೆ ಬಹಳ ಬದಲಾಗುತ್ತದೆ, ಮತ್ತು ಕರಾವಳಿಯಲ್ಲಿ ಸರಿಯಾಗಿ ನಡೆದ ವಿನ್ಯಾಸವನ್ನು ಹಾಗೆಯೇ ಘಟ್ಟದ ಮೇಲೆ ತಂದಾಗ ತೊಂದರೆ ಏಳುವುದು ಇಲ್ಲೇ.

ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಎತ್ತರದಲ್ಲಿದೆ. ಅಲ್ಲಿ ವಾತಾವರಣದ ಒತ್ತಡ 101 ಅಲ್ಲ, ಸುಮಾರು 88 ಕಿಲೋಪಾಸ್ಕಲ್. ಪಾದರಸದ ಲೆಕ್ಕದಲ್ಲಿ 760 ಅಲ್ಲ, ಸುಮಾರು 660 ಮಿಲಿಮೀಟರ್. ನಿರ್ವಾತದ ಗೇಜು ತೋರಿಸುವುದು ಹೊರಗಿನ ಗಾಳಿಗಿಂತ ಎಷ್ಟು ಕಡಿಮೆ ಎಂಬುದನ್ನು. ಆದ್ದರಿಂದ ಗೇಜಿನಲ್ಲಿ 60 ಎಂದಿದ್ದಾಗ ಮಂಗಳೂರಿನ ಪೈಪಿನೊಳಗೆ 41 ಕಿಲೋಪಾಸ್ಕಲ್ ಗಾಳಿ ಉಳಿದಿರುತ್ತದೆ, ಮಡಿಕೇರಿಯ ಪೈಪಿನೊಳಗೆ 28 ಮಾತ್ರ. ಒಂದು ಲೀಟರ್ ಹೊರಗಾಳಿ ಮಂಗಳೂರಿನ ಪಂಪಿನ ಬಾಯಲ್ಲಿ ಸುಮಾರು 2.45 ಲೀಟರ್ ಆಗುತ್ತದೆ, ಮಡಿಕೇರಿಯಲ್ಲಿ 3.1ಕ್ಕೂ ಹೆಚ್ಚು. ನಮ್ಮ 540 ಲೀಟರ್‌ಗೆ ಮಂಗಳೂರಿನಲ್ಲಿ ಗಂಟೆಗೆ 80 ಘನ ಮೀಟರ್ ಎಳೆಯುವ ಪಂಪು ಸಾಕಾದರೆ ಮಡಿಕೇರಿಯಲ್ಲಿ 102 ಬೇಕು. ಕಾಲು ಭಾಗಕ್ಕಿಂತ ಹೆಚ್ಚಿನ ವ್ಯತ್ಯಾಸ ಇದು, ಮತ್ತು ಒಂದು ಪಂಪು ಕೆಟ್ಟು ನಿಂತಾಗಲೂ ಉಳಿದವು ಇಷ್ಟನ್ನು ಕೊಡಬೇಕು. ಪೈಪಿನ ನಷ್ಟ ಮಾತ್ರ ಅಷ್ಟಾಗಿ ಏರುವುದಿಲ್ಲ: ಮೇಲೆ ಹೇಳಿದ 42 ಮಿಲಿಮೀಟರ್ ಪೈಪಿನ 8.3 ಕಿಲೋಪಾಸ್ಕಲ್ ಸಮುದ್ರ ಮಟ್ಟದಲ್ಲಿ 7.5 ಆಗಿರುತ್ತಿತ್ತು, ಅಷ್ಟೆ. ಕುಶಾಲನಗರದಂಥ ತಗ್ಗಿನ ಊರಿಗೆ ಇದೇ ಲೆಕ್ಕವನ್ನು ಅಲ್ಲಿನ ಎತ್ತರಕ್ಕೆ ಹಾಕಬೇಕು, ವ್ಯತ್ಯಾಸ ಮಡಿಕೇರಿಗಿಂತ ಕಡಿಮೆ ಬರುತ್ತದೆ.

ಪಂಪು ನಿಲ್ಲದೆ ಓಡುತ್ತಲೇ ಇರುತ್ತದೆ. ಎಲ್ಲೋ ಸೋರುತ್ತಿದೆ ಎಂದು ಅರ್ಥವೆ?

ಸೋರಿಕೆ ಇರಬಹುದು, ಆದರೆ ಘಟ್ಟದ ಮೇಲೆ ಮೊದಲು ನೋಡಬೇಕಾದದ್ದು ಪಂಪು ನಿಲ್ಲಲು ಇಟ್ಟಿರುವ ಮಟ್ಟವನ್ನು. ಕಾರ್ಖಾನೆಯಿಂದ ಅದು 600 ಮಿಲಿಮೀಟರ್‌ಗೆ ಇಟ್ಟು ಬಂದಿದ್ದರೆ ಸಮುದ್ರ ಮಟ್ಟದಲ್ಲಿ ಪಂಪು 160 ಮಿಲಿಮೀಟರ್ ಗಾಳಿಯನ್ನು ಒಳಗೆ ಬಿಟ್ಟು ನಿಲ್ಲಬಹುದು. ಮಡಿಕೇರಿಯಲ್ಲಿ ಅದೇ ಗೇಜು ತೋರಿಸಲು 60 ಮಾತ್ರ ಉಳಿಯುವವರೆಗೆ ಎಳೆಯಬೇಕು. ವಾರ್ಡಿನಿಂದ ಗಾಳಿ ಬರುತ್ತಲೇ ಇರುವಾಗ ಹಲವು ಪಂಪುಗಳು ಆ ಮಟ್ಟವನ್ನು ಮುಟ್ಟುವುದಿಲ್ಲ, ಎಣ್ಣೆ ಬಿಸಿಯಾಗಿ ಸವೆಯುತ್ತವೆ. ರಾತ್ರಿ ಎಲ್ಲ ವಾರ್ಡುಗಳ ವಾಲ್ವ್ ಬಾಕ್ಸ್‌ಗಳನ್ನು, ಸಿಸ್ಟರ್‌ಗಳಿಗೆ ತಿಳಿಸಿ ಬದಲಿ ಸಕ್ಷನ್ ಯಂತ್ರ ಇಟ್ಟುಕೊಂಡು, ಸರದಿಯಲ್ಲಿ ಸ್ವಲ್ಪ ಹೊತ್ತು ಮುಚ್ಚಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಒಂದು ವಾರ್ಡನ್ನು ಮುಚ್ಚಿದಾಗ ಪಂಪು ನಿಂತರೆ ಸೋರಿಕೆಯೋ ತೆರೆದಿಟ್ಟ ಔಟ್‌ಲೆಟ್ಟೋ ಆ ವಾರ್ಡಿನಲ್ಲಿದೆ. ಯಾವುದನ್ನು ಮುಚ್ಚಿದರೂ ಗೇಜು 600ರ ಕೆಳಗೇ ನಿಂತರೆ ಮಟ್ಟವನ್ನು ಸ್ಥಳದ ಒತ್ತಡಕ್ಕೆ ತಕ್ಕಂತೆ ಇಳಿಸಬೇಕು.

ಮ್ಯಾನಿಫೋಲ್ಡ್ ಕೆಳಗೆ, ವಾರ್ಡ್ ಮೇಲೆ ಇದ್ದರೆ ಏರುವ ಎತ್ತರಕ್ಕೆ ಒತ್ತಡ ಕಳೆಯಬೇಕೆ?

ಬೇಡ. ನೀರಿನ ಪೈಪಿನಲ್ಲಿ ಮುಖ್ಯವಾಗುವ ಆ ನಷ್ಟ ಅನಿಲದಲ್ಲಿ 15 ಮೀಟರ್ ಏರಿಗೆ 1 ಕಿಲೋಪಾಸ್ಕಲ್ ಕೂಡ ಆಗುವುದಿಲ್ಲ. ಇಳಿಜಾರು ಕಾಡುವುದು ಬೇರೆ ರೀತಿಯಲ್ಲಿ: ಪೈಪು ತಿರುವುಗಳಲ್ಲಿ ಸುತ್ತಿ ಬರುವುದರಿಂದ ಉದ್ದ ಬೆಳೆಯುತ್ತದೆ, ಮಳೆಗಾಲದಲ್ಲಿ ಜರಿಯುವ ದಿಣ್ಣೆಯಲ್ಲಿ ಹೂತ ಪೈಪಿನ ಬೆಸುಗೆಗಳ ಮೇಲೆ ಎಳೆತ ಬೀಳುತ್ತದೆ. ಸುತ್ತು ಹೆಚ್ಚಾದರೂ ಗಟ್ಟಿ ನೆಲದ ದಾರಿಯನ್ನು ಆರಿಸಿ, ಆ ಉದ್ದವನ್ನು ಲೆಕ್ಕಕ್ಕೆ ಸೇರಿಸುವುದು ಒಳ್ಳೆಯದು.

89 ಲೀಟರ್ ಎಂಬ ಸಂಖ್ಯೆಯಿಂದ ಸಿಲಿಂಡರ್‌ಗಳ ದಾಸ್ತಾನನ್ನು ಲೆಕ್ಕ ಹಾಕಬಹುದೆ?

ಹಾಕಬಾರದು. ಅದು ಗರಿಷ್ಠ ಕ್ಷಣದ ಹರಿವು. ದಾಸ್ತಾನು ನಿಲ್ಲುವುದು ದಿನದ ಸರಾಸರಿ ಬಳಕೆಯ ಮೇಲೆ. 7 ಘನ ಮೀಟರ್‌ನ ದೊಡ್ಡ ಸಿಲಿಂಡರ್ 89 ಲೀಟರ್‌ನಲ್ಲಿ ಸುಮಾರು 78 ನಿಮಿಷ ಬರುತ್ತದೆ ಎಂದು ಹೇಳಬಹುದು, ಆದರೆ ಇಡೀ ದಿನ ಅದೇ ಹರಿವು ಇರುವುದಿಲ್ಲ. ಬಳಕೆಯ ದಾಖಲೆಯಿಂದ ಸರಾಸರಿ ತೆಗೆದು, 2018ರ ಆಗಸ್ಟ್‌ನಲ್ಲಿ ಆದಂತೆ ಘಟ್ಟದ ರಸ್ತೆ ಮುಚ್ಚಿದರೆ ಎಷ್ಟು ದಿನ ಲಾರಿ ಬರದೆ ಇರಬಹುದು ಎಂಬುದನ್ನು ಅದಕ್ಕೆ ಗುಣಿಸಬೇಕು.

ಕೆಲಸ ಮುಗಿದ ಮೇಲೆ ಪೈಪು ನಿಜವಾಗಿ ಅಷ್ಟು ಹರಿಸುತ್ತದೆ ಎಂದು ತಿಳಿಯುವುದು ಹೇಗೆ?

ಗುತ್ತಿಗೆದಾರರು ಹೆಚ್ಚಾಗಿ ತೋರಿಸುವುದು ಔಟ್‌ಲೆಟ್‌ಗಳೆಲ್ಲ ಮುಚ್ಚಿರುವಾಗಿನ ಒತ್ತಡ. ಹರಿವೇ ಇಲ್ಲದಿದ್ದರೆ ಎಷ್ಟು ತೆಳ್ಳಗಿನ ಪೈಪಿನಲ್ಲೂ ಗೇಜು 400 ತೋರಿಸುತ್ತದೆ, ಆದ್ದರಿಂದ ಅಳತೆಯ ಬಗ್ಗೆ ಆ ಓದು ಏನನ್ನೂ ಹೇಳುವುದಿಲ್ಲ. ವಾರ್ಡಿನಲ್ಲಿ ರೋಗಿಗಳು ಬರುವ ಮುನ್ನ ಒಂದು ಔಟ್‌ಲೆಟನ್ನು 10 ಲೀಟರ್‌ನಲ್ಲಿ, ಬೇರೆ ಆರನ್ನು 6 ಲೀಟರ್‌ನಲ್ಲಿ ತೆರೆದರೆ 46 ಲೀಟರ್ ಆಗಿ ವಿನ್ಯಾಸದ ಹರಿವಿನಷ್ಟಾಗುತ್ತದೆ. ಕೊಠಡಿಯ ಬಾಗಿಲು, ಕಿಟಕಿಗಳನ್ನು ತೆರೆದಿಟ್ಟು, ಬೆಂಕಿಯನ್ನು ದೂರವಿಟ್ಟು ಇದನ್ನು ಮಾಡಬೇಕು. ಆಗ ಅತಿ ದೂರದ ಔಟ್‌ಲೆಟ್‌ನಲ್ಲಿ, ಅದೂ ಹರಿವಿನಲ್ಲಿರುವಾಗ, ಪರೀಕ್ಷಾ ಗೇಜು 370ಕ್ಕಿಂತ ಕೆಳಗೆ ಇಳಿಯಬಾರದು. ಸಾಧ್ಯವಾದರೆ 24 ಫ್ಲೋಮೀಟರ್‌ಗಳನ್ನೂ 10 ಲೀಟರ್‌ಗೆ ತೆರೆದು ಇನ್ನೊಮ್ಮೆ ಓದಿ ಬರೆದಿಡಬೇಕು. ಮುಂದೆ ಆಸ್ಪತ್ರೆಗೆ ಕಷ್ಟದ ದಿನ ಬಂದಾಗ ಎಷ್ಟು ರೋಗಿಗಳನ್ನು ಆ ವಾರ್ಡಿನಲ್ಲಿ ಇಡಬಹುದು ಎಂದು ಹೇಳುವುದು ಆ ಓದು.

ಸಕ್ಷನ್‌ಗೆ ಏಳು ಔಟ್‌ಲೆಟ್‌ಗಳನ್ನು ತಲಾ 40 ಲೀಟರ್‌ನಲ್ಲಿ ತೆರೆದು, ಕೊನೆಯದರಲ್ಲಿ 300 ಮಿಲಿಮೀಟರ್ ಉಳಿದಿದೆಯೇ ಎಂದು ನೋಡಬೇಕು. ಉಳಿಯದಿದ್ದರೆ ಅದೇ ಹರಿವಿನಲ್ಲಿ ವಾರ್ಡಿನ ವಾಲ್ವ್ ಬಾಕ್ಸ್‌ನ ಗೇಜನ್ನು ಓದಬೇಕು. ಅಲ್ಲಿ ಚೆನ್ನಾಗಿದ್ದು ಹಾಸಿಗೆಯಲ್ಲಿ ಕುಸಿದಿದ್ದರೆ ದೋಷ ಕವಲಿನಲ್ಲಿದೆ: ತೆಳ್ಳಗಿನ ಪೈಪು, ಒಳಗೆ ಇಳಿದ ಬೆಸುಗೆ, ಅಥವಾ ಹಳೆಯ ವ್ಯವಸ್ಥೆಯಾದರೆ ಬಾಟಲಿ ತುಂಬಿ ಪೈಪಿಗೆ ಎಳೆದುಹೋದ ದ್ರವ ಒಣಗಿ ಕಟ್ಟಿದ ಪದರ. ವಾಲ್ವ್ ಬಾಕ್ಸ್‌ನಲ್ಲೇ ಕುಸಿದು ಪಂಪಿನ ಗೇಜು ಸ್ಥಿರವಾಗಿದ್ದರೆ ಮುಖ್ಯ ಪೈಪು ಸಾಲದು ಅಥವಾ ದಾರಿಯಲ್ಲೊಂದು ವಾಲ್ವ್ ಅರ್ಧ ಮುಚ್ಚಿದೆ. ಪಂಪಿನ ಗೇಜೂ ಜೊತೆಗೇ ಇಳಿದರೆ ಪೈಪನ್ನು ಮುಟ್ಟುವ ಅಗತ್ಯವಿಲ್ಲ. ಪಂಪಿನ ಸಾಮರ್ಥ್ಯವನ್ನು 88 ಕಿಲೋಪಾಸ್ಕಲ್ ಹೊರಗಾಳಿಗೆ ಲೆಕ್ಕ ಹಾಕಿದ್ದಾರೆಯೇ ಎಂದು ಖರೀದಿಯ ಕಾಗದದಲ್ಲಿ ನೋಡಬೇಕು.